ಹೊಸ ಗ್ರಾಹಕರಿಗೆ ಬರೆಯುವ ಮೊದಲ ಇಮೇಲ್: ಯಾರು ಯಾರು, ಯಾವ ಬೀಗದ ಕೈ, ಮೊದಲು ಯಾವ ಕೆಲಸ

ಕರಾರಿಗೆ ಸಹಿಯಾಗಿದೆ, ಮುಂಗಡವೂ ಬಂದಿದೆ, ಇನ್ನು ಗ್ರಾಹಕರಿಗೆ ಮೊದಲ ಇಮೇಲ್‌ನಲ್ಲಿ ಏನೇನು ಬರೆಯಬೇಕು ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಹೆಚ್ಚಿನವರು ಮೈಸೂರಿನಲ್ಲಿ ಒಬ್ಬರೇ, ಇಲ್ಲವೆ ಇಬ್ಬರು ಮೂವರು ಸೇರಿ ವೆಬ್‌ಸೈಟ್ ಮಾಡಿಕೊಡುವವರು. ಅವರ ಗ್ರಾಹಕರು ಮಂಡ್ಯ, ಶ್ರೀರಂಗಪಟ್ಟಣ, ನಂಜನಗೂಡಿನ ಕಡೆಯ ವ್ಯಾಪಾರಿಗಳು. ಹಾಗಾಗಿ ಎಲ್ಲ ಬಗೆಯ ಕೆಲಸಗಳಿಗೂ ಹೊಂದುವ ಮಾದರಿ ಪತ್ರವೊಂದನ್ನು ಕೊಡುವ ಬದಲು, ಇಲ್ಲಿ ಅತಿ ಹೆಚ್ಚಾಗಿ ಎದುರಾಗುವ ಒಂದೇ ಸಂದರ್ಭವನ್ನು ಹಿಡಿದು ಹಂತ ಹಂತವಾಗಿ ಬರೆಯುತ್ತೇನೆ: ಬೇರೆಯವರು ಹಿಂದೆ ಮಾಡಿಕೊಟ್ಟ ವೆಬ್‌ಸೈಟ್ ಇರುವ ವ್ಯಾಪಾರಿಗೆ ನಾವು ಹೊಸದನ್ನು ಕಟ್ಟಿಕೊಡುವ ಸಂದರ್ಭ.

ಉದಾಹರಣೆಗೆ ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರನ್ನು ಇಟ್ಟುಕೊಳ್ಳೋಣ. ಅಂಗಡಿಯ ಯಜಮಾನರು ತಂದೆ, ದಿನದ ವಹಿವಾಟು ನೋಡಿಕೊಳ್ಳುವವರು ಮಗ. ಐದು ವರ್ಷದ ಹಿಂದೆ ಪರಿಚಯದವರೊಬ್ಬರು ಮಾಡಿಕೊಟ್ಟ ನಾಲ್ಕು ಪುಟದ ಸೈಟ್ ಇದೆ, ಅದೇ ಹೆಸರಿನ ಇಮೇಲ್ ವಿಳಾಸಕ್ಕೆ ಹೊರ ಊರಿನ ಸಗಟು ಆರ್ಡರ್‌ಗಳು ಬರುತ್ತವೆ. ಈಗ ಅವರಿಗೆ ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಬೆಲ್ಲದ ಪುಡಿಯನ್ನು ನೇರವಾಗಿ ಮನೆಮನೆಗೆ ಮಾರುವ, ಹಣ ಕಟ್ಟಿಸಿಕೊಳ್ಳುವ ಸೈಟ್ ಬೇಕಾಗಿದೆ. ಸಂಕ್ರಾಂತಿಯ ಎಳ್ಳು ಬೆಲ್ಲದ ಬೇಡಿಕೆಗೆ ಮೊದಲೇ, ಅಂದರೆ ಡಿಸೆಂಬರ್ ನಡುವಿಗೆ ಅದು ಓಡುತ್ತಿರಬೇಕು. ನಾವು ಇಮೇಲ್ ಕಳಿಸುವ ದಿನ ನವೆಂಬರ್ 3, ಸೋಮವಾರ.

ಇಂಥ ಕೆಲಸ ತಡವಾಗುವುದು ವಿನ್ಯಾಸದಲ್ಲಿ ಅಲ್ಲ, ಕೋಡ್ ಬರೆಯುವುದರಲ್ಲಿಯೂ ಅಲ್ಲ. ಅವರ ಡೊಮೇನ್, ಅವರ ಹೋಸ್ಟಿಂಗ್, ಅವರ ಪಾವತಿ ಖಾತೆ ಇವುಗಳ ಬೀಗದ ಕೈ ಯಾರ ಹತ್ತಿರ ಇದೆ ಎಂದು ಹುಡುಕುವುದರಲ್ಲಿ ಎರಡು ಮೂರು ವಾರ ಹೋಗುತ್ತದೆ. ಮೊದಲ ಇಮೇಲ್‌ನ ಮುಖ್ಯ ಕೆಲಸ ಆ ಹುಡುಕಾಟವನ್ನು ಮೊದಲ ದಿನವೇ ಶುರು ಮಾಡಿಸುವುದು. ಸಂಪರ್ಕಗಳ ಪಟ್ಟಿ, ಗಡುವುಗಳ ಪಟ್ಟಿ ಎರಡೂ ಅದಕ್ಕೆ ಹೊಂದಿಕೊಂಡೇ ಬರಬೇಕು.

1. ಬರೆಯುವ ಮೊದಲು ಅರ್ಧ ಗಂಟೆಯ ತಯಾರಿ

ಗ್ರಾಹಕರನ್ನು ಏನನ್ನಾದರೂ ಕೇಳುವ ಮೊದಲು, ಕೇಳದೆಯೇ ತಿಳಿಯಬಹುದಾದದ್ದನ್ನು ನೀವೇ ತಿಳಿದುಕೊಳ್ಳಿ. ಇಲ್ಲಿ ಮೂರು ಪದಗಳ ಅರ್ಥ ಸ್ಪಷ್ಟವಾಗಿರಬೇಕು. ಡೊಮೇನ್ ಎಂದರೆ ಸೈಟಿನ ಹೆಸರು. ಅದನ್ನು ವರ್ಷಕ್ಕಿಷ್ಟು ಎಂದು ಹಣ ಕಟ್ಟಿ ರಿಜಿಸ್ಟ್ರಾರ್ ಎಂಬ ಕಂಪನಿಯಲ್ಲಿ ನೋಂದಾಯಿಸಿರುತ್ತಾರೆ. ಹೋಸ್ಟಿಂಗ್ ಎಂದರೆ ಸೈಟಿನ ಪುಟಗಳು ಇರುವ ಕಂಪ್ಯೂಟರಿನ ಬಾಡಿಗೆ ಜಾಗ. ಡಿಎನ್‌ಎಸ್ ಎಂದರೆ ಆ ಹೆಸರನ್ನು ಕೇಳಿಕೊಂಡು ಬಂದವರನ್ನು ಎಲ್ಲಿಗೆ ಕಳಿಸಬೇಕು, ಆ ಹೆಸರಿಗೆ ಬಂದ ಅಂಚೆಯನ್ನು ಯಾರ ಮನೆಗೆ ಮುಟ್ಟಿಸಬೇಕು ಎಂದು ಬರೆದಿಟ್ಟ ಲೆಕ್ಕದ ಪುಸ್ತಕ. ಈ ಮೂರೂ ಒಂದೇ ಕಂಪನಿಯಲ್ಲಿರಬಹುದು, ಮೂರು ಬೇರೆ ಬೇರೆ ಕಡೆಯೂ ಇರಬಹುದು. ಗ್ರಾಹಕರ ಬಾಯಲ್ಲಿ ಮಾತ್ರ ಮೂರಕ್ಕೂ ಸೇರಿ "ವೆಬ್‌ಸೈಟ್ ಪಾಸ್‌ವರ್ಡ್" ಎಂಬ ಒಂದೇ ಹೆಸರು ಇರುತ್ತದೆ.

ನಿಮ್ಮ ಕಂಪ್ಯೂಟರಿನಲ್ಲಿ ಈ ಎರಡು ಸಾಲು ಹಾಕಿ ನೋಡಿ. `example.com` ಇರುವಲ್ಲಿ ಗ್ರಾಹಕರ ಡೊಮೇನ್ ಬರೆಯಬೇಕು.

```
nslookup -type=ns example.com
nslookup -type=mx example.com
```

ಮೊದಲನೆಯದು ಡಿಎನ್‌ಎಸ್ ಪುಸ್ತಕ ಯಾರ ಬಳಿ ಇದೆ ಎಂದೂ, ಎರಡನೆಯದು ಇಮೇಲ್ ಯಾರ ಬಳಿ ಹೋಗುತ್ತಿದೆ ಎಂದೂ ಹೇಳುತ್ತವೆ. ಇದರ ಜೊತೆಗೆ ಯಾವುದಾದರೂ ಹೂಈಸ್ ಹುಡುಕಾಟದ ಪುಟದಲ್ಲಿ ಡೊಮೇನ್ ಹಾಕಿದರೆ ರಿಜಿಸ್ಟ್ರಾರ್ ಯಾರು, ನೋಂದಣಿ ಯಾವ ದಿನಾಂಕಕ್ಕೆ ಮುಗಿಯುತ್ತದೆ ಎಂಬುದು ಕಾಣುತ್ತದೆ. ಮುಗಿಯುವ ದಿನ ಎರಡು ತಿಂಗಳೊಳಗೆ ಇದ್ದರೆ ಅದನ್ನು ಇಮೇಲ್‌ನ ಮೊದಲ ಸಾಲುಗಳಲ್ಲಿಯೇ ತಿಳಿಸಿ. ಡೊಮೇನ್ ನಿಜವಾಗಿ ಯಾರ ಹೆಸರಿನಲ್ಲಿದೆ ಎಂಬುದು ಮಾತ್ರ ಗೋಪ್ಯತೆಯ ಕಾರಣದಿಂದ ಹೆಚ್ಚಾಗಿ ಕಾಣುವುದಿಲ್ಲ. ಅದಕ್ಕೆ ಸುಲಭದ ದಾರಿಯೆಂದರೆ ಕಳೆದ ವರ್ಷ ನವೀಕರಣದ ಬಿಲ್ ಯಾರಿಗೆ ಬಂದಿತ್ತು ಎಂದು ಗ್ರಾಹಕರನ್ನು ಕೇಳುವುದು. "ಬಿಲ್ ನಮಗೆ ಬರುವುದಿಲ್ಲ, ಅವರೇ ಕಟ್ಟಿ ನಮ್ಮಿಂದ ತೆಗೆದುಕೊಳ್ಳುತ್ತಾರೆ" ಎಂಬ ಉತ್ತರ ಬಂದರೆ, ಡೊಮೇನ್ ಹಿಂದೆ ಸೈಟ್ ಮಾಡಿದವರ ಖಾತೆಯಲ್ಲಿದೆ ಎಂದೇ ತಿಳಿದುಕೊಂಡು ಮುಂದುವರಿಯಿರಿ. ನಮ್ಮ ಬೆಲ್ಲದ ವ್ಯಾಪಾರಿಯ ಉತ್ತರವೂ ಇದೇ.

2. ಸಂಪರ್ಕ: ಹೆಸರಿಗಿಂತ ಹೊಣೆ ಮುಖ್ಯ

ಸಂಪರ್ಕದ ಪಟ್ಟಿ ಎಂದರೆ ಹೆಸರು, ಮೊಬೈಲ್ ನಂಬರು ಬರೆದು ಮುಗಿಸುವವರೇ ಹೆಚ್ಚು. ಅದರಿಂದ ಪ್ರಯೋಜನ ಕಡಿಮೆ. ಪ್ರತಿ ಹೆಸರಿನ ಮುಂದೆ ಆ ವ್ಯಕ್ತಿ ಯಾವುದಕ್ಕೆ ಉತ್ತರ ಕೊಡುತ್ತಾರೆ ಎಂಬುದನ್ನು ಬರೆಯಬೇಕು. ಗ್ರಾಹಕರ ಕಡೆಯಿಂದ ನಾಲ್ಕು ಹೊಣೆಗಳಿಗೆ ಹೆಸರು ಬೇಕು: ಅಂತಿಮ ಒಪ್ಪಿಗೆ ಕೊಡುವವರು, ಫೋಟೊ, ದರ, ವಿವರಗಳನ್ನು ಒದಗಿಸುವವರು, ಬಿಲ್ ಮತ್ತು ಜಿಎಸ್‌ಟಿ ನೋಡಿಕೊಳ್ಳುವವರು, ಮತ್ತು ಒಟಿಪಿ ಬರುವ ಮೊಬೈಲ್ ಯಾರ ಕೈಯಲ್ಲಿದೆಯೋ ಅವರು.

ಕೊನೆಯದನ್ನು ಯಾರೂ ಬರೆಯುವುದಿಲ್ಲ, ಆದರೆ ಕೆಲಸ ನಿಲ್ಲುವುದು ಅಲ್ಲಿಯೇ. ಹೋಸ್ಟಿಂಗ್ ಖಾತೆಯ ಪಾಸ್‌ವರ್ಡ್ ಸರಿಯಾಗಿಯೇ ಇರುತ್ತದೆ. ಒಳಗೆ ಹೋಗಲು ಬರುವ ಒಟಿಪಿ ಮಾತ್ರ ಕೆಲಸ ಬಿಟ್ಟು ಹೋದ ಗುಮಾಸ್ತರ ಫೋನಿಗೋ, ಹಳೆಯ ಡೆವಲಪರ್ ಫೋನಿಗೋ ಹೋಗುತ್ತಿರುತ್ತದೆ. ಆದ್ದರಿಂದ ಪ್ರತಿ ಖಾತೆಗೂ ಒಟಿಪಿ ಯಾವ ನಂಬರಿಗೆ ಬರುತ್ತದೆ ಎಂದು ಮೊದಲೇ ನೋಡಿಸಿ.

ಅಂತಿಮ ಒಪ್ಪಿಗೆಗೆ ಒಂದೇ ಹೆಸರು ಇರಲಿ. ಮನೆತನದ ವ್ಯಾಪಾರದಲ್ಲಿ ಮಗ ಎರಡು ವಾರ ಕೂತು ಒಪ್ಪಿದ ವಿನ್ಯಾಸವನ್ನು ತಂದೆ ಒಂದೇ ನೋಟಕ್ಕೆ ಬೇಡವೆನ್ನುವುದು ಉಂಟು, ಹಾಗೆ ಹೇಳುವ ಹಕ್ಕೂ ಅವರಿಗಿದೆ. ಇದನ್ನು ಇಮೇಲ್‌ನಲ್ಲಿ ಕೇಳುವುದಕ್ಕಿಂತ ಮೊದಲು ಫೋನ್ ಮಾಡಿ, "ಕೊನೆಯ ಮಾತು ಯಜಮಾನರದ್ದೋ, ನಿಮ್ಮದೋ" ಎಂದು ಮಗನನ್ನೇ ಗೌರವದಿಂದ ಕೇಳಿ, ಬಂದ ಉತ್ತರವನ್ನು ಇಮೇಲ್‌ನಲ್ಲಿ ಬರೆಯುವುದು ಒಳ್ಳೆಯದು. ಯಜಮಾನರದ್ದು ಎಂದಾದರೆ ಅವರು ನೋಡುವ ದಿನವನ್ನೂ ಗಡುವಿನಲ್ಲಿ ಸೇರಿಸಬೇಕು.

ನಿಮ್ಮ ಕಡೆಯಿಂದ ಇಬ್ಬರ ಹೆಸರು ಸಾಕು: ಎಲ್ಲ ಮಾತಿಗೂ ಒಬ್ಬರು, ಅವರು ಸಿಗದಿದ್ದರೆ ಇನ್ನೊಬ್ಬರು. ಒಬ್ಬರೇ ಕೆಲಸ ಮಾಡುವವರಾದರೆ ಯಾವ ಹೊತ್ತಿನಲ್ಲಿ ಸಿಗುತ್ತೀರಿ ಎಂದು ಬರೆಯಿರಿ. ಪಟ್ಟಿಯಲ್ಲಿರುವ ಎಲ್ಲರನ್ನೂ ಇಮೇಲ್‌ನ ಸಿಸಿಯಲ್ಲಿ ಹಾಕಿ, ಏಕೆಂದರೆ ತಮ್ಮ ಹೆಸರಿನ ಮುಂದೆ ಬರೆದ ಹೊಣೆಯನ್ನು ಅವರೇ ನೋಡಬೇಕು. ಹಳೆಯ ಡೆವಲಪರನ್ನು ಮಾತ್ರ ಈ ಪತ್ರದಲ್ಲಿ ಸೇರಿಸಬೇಡಿ. ಅವರಿಗೆ ಬೇರೆ ಪತ್ರ ಹೋಗಬೇಕು, ಅದೂ ಗ್ರಾಹಕರಿಂದಲೇ ಹೋಗಬೇಕು.

ನಮ್ಮ ಕಡೆ ಮಾತುಕತೆಯೆಲ್ಲ ವಾಟ್ಸ್‌ಆಪ್‌ನಲ್ಲಿ ನಡೆಯುತ್ತದೆ, ಅದನ್ನು ನಿಲ್ಲಿಸಲು ಹೋಗಬೇಡಿ. ಆದರೆ ದರ, ದಿನಾಂಕ, ಒಪ್ಪಿಗೆ ಈ ಮೂರು ವಾಟ್ಸ್‌ಆಪ್‌ನಲ್ಲಿ ಬಂದರೆ ಅದೇ ದಿನ ಇಮೇಲ್‌ನಲ್ಲಿ ಒಂದು ಸಾಲು ಬರೆದು ದಾಖಲಿಸುತ್ತೇವೆ ಎಂದು ತಿಳಿಸಿ. ಫೋಟೊಗಳ ವಿಷಯದಲ್ಲಿಯೂ ಒಂದು ಮಾತು ಬೇಕು. ವಾಟ್ಸ್‌ಆಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲದ ಹಾಗೆಯೇ ಬರುತ್ತದೆ. ಜಿಮೇಲ್‌ನಲ್ಲಿ ಒಂದು ಪತ್ರಕ್ಕೆ 25 ಎಂಬಿಗಿಂತ ಹೆಚ್ಚು ಲಗತ್ತಿಸಲಾಗದ ಕಾರಣ, ಚಿತ್ರಗಳಿಗೆ ಒಂದು ಡ್ರೈವ್ ಫೋಲ್ಡರ್ ಮಾಡಿ ಅದರ ಕೊಂಡಿಯನ್ನು ನೀವೇ ಕಳಿಸಿ.

3. ಪ್ರವೇಶ: ಪಾಸ್‌ವರ್ಡ್ ಕೇಳಬೇಡಿ, ಅನುಮತಿ ಕೇಳಿ

ಆಕ್ಸೆಸ್ ಎಂದು ನಾವು ಕರೆಯುವ ಪ್ರವೇಶವನ್ನು ಪಡೆಯಲು ಎರಡು ದಾರಿಗಳಿವೆ. ಒಂದು, ಗ್ರಾಹಕರ ಪಾಸ್‌ವರ್ಡನ್ನೇ ತೆಗೆದುಕೊಳ್ಳುವುದು. ಇನ್ನೊಂದು, ಅವರು ತಮ್ಮ ಖಾತೆಯೊಳಗಿನಿಂದ ನಿಮ್ಮ ಇಮೇಲ್ ವಿಳಾಸವನ್ನು ಸೇರಿಸಿ ಇಂತಿಷ್ಟು ಅಧಿಕಾರ ಎಂದು ಕೊಡುವುದು. ಯಾವಾಗಲೂ ಎರಡನೆಯದನ್ನೇ ಕೇಳಿ. ಅದರಲ್ಲಿ ಯಾರು ಏನು ಬದಲಿಸಿದರು ಎಂಬುದು ಬೇರೆ ಬೇರೆಯಾಗಿ ಉಳಿಯುತ್ತದೆ, ಕೆಲಸ ಮುಗಿದ ಮೇಲೆ ಅವರು ನಿಮ್ಮನ್ನು ತೆಗೆದುಹಾಕಬಹುದು, ಒಟಿಪಿಗಾಗಿ ದಿನಕ್ಕೆ ನಾಲ್ಕು ಸಲ ಫೋನ್ ಮಾಡಬೇಕಾಗಿಲ್ಲ. ಪಾಸ್‌ವರ್ಡನ್ನು ಇಮೇಲ್‌ನಲ್ಲಿ ಅಥವಾ ವಾಟ್ಸ್‌ಆಪ್‌ನಲ್ಲಿ ಕಳಿಸಬೇಡಿ ಎಂದು ಪತ್ರದಲ್ಲಿಯೇ ಬರೆಯಿರಿ, ಇಲ್ಲವಾದರೆ ಅರ್ಧ ಗಂಟೆಯೊಳಗೆ ಬಂದು ಬೀಳುತ್ತದೆ. ಹೀಗೆ ಸೇರಿಸುವ ವ್ಯವಸ್ಥೆ ಇಲ್ಲದ ಖಾತೆಯಾದರೆ, ಅವರು ತಮ್ಮ ಕಂಪ್ಯೂಟರಿನಲ್ಲಿ ತಾವೇ ಒಳಗೆ ಹೋಗಿ, ಪರದೆಯನ್ನು ನಿಮಗೆ ತೋರಿಸುತ್ತಾ, ನೀವು ಹೇಳಿದ ಬದಲಾವಣೆಯನ್ನು ಮಾಡುವಂತೆ ಸಮಯ ಗೊತ್ತು ಮಾಡಿಕೊಳ್ಳಿ.

ಪ್ರತಿ ಪ್ರವೇಶಕ್ಕೂ ನಾಲ್ಕು ವಿಷಯ ಬರೆಯಬೇಕು: ಯಾವುದು, ಏಕೆ ಬೇಕು, ಎಷ್ಟರ ಮಟ್ಟಿಗೆ ಬೇಕು, ಯಾರು ಯಾವ ದಿನದೊಳಗೆ ಕೊಡಬೇಕು. "ಏಕೆ" ಎಂಬುದನ್ನು ಬಿಟ್ಟರೆ ವ್ಯಾಪಾರಸ್ಥರಿಗೆ ಸಂಶಯ ಬರುವುದು ಸಹಜ. ಬೇಕಾದದ್ದಕ್ಕಿಂತ ಹೆಚ್ಚು ಕೇಳಿದರೂ ಅಷ್ಟೇ. ನಮ್ಮ ಉದಾಹರಣೆಯಲ್ಲಿ ನಾಲ್ಕೇ ಪ್ರವೇಶ ಸಾಕು.

ಮೊದಲನೆಯದು ಡೊಮೇನ್ ಮತ್ತು ಡಿಎನ್‌ಎಸ್. ಇಲ್ಲಿ ನಾನೇ ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ಮೈಸೂರಿನ ಗ್ರಾಹಕರೊಬ್ಬರ ಹೊಸ ಸೈಟನ್ನು ಬದಲಿಸುವಾಗ ಡಿಎನ್‌ಎಸ್ ಪುಸ್ತಕವನ್ನೇ ಹೊಸ ಕಂಪನಿಗೆ ತಿರುಗಿಸಿದೆ, ಹಳೆಯ ಪುಸ್ತಕದಲ್ಲಿದ್ದ ಎಂಎಕ್ಸ್ ಸಾಲುಗಳನ್ನು, ಅಂದರೆ ಇಮೇಲ್ ಎಲ್ಲಿಗೆ ಹೋಗಬೇಕೆಂಬ ಸಾಲುಗಳನ್ನು, ನಕಲು ಮಾಡಿಕೊಂಡಿರಲಿಲ್ಲ. ಸೈಟ್ ಚೆನ್ನಾಗಿಯೇ ಕಾಣುತ್ತಿತ್ತು. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಅವರಿಗೆ ಒಂದು ಇಮೇಲ್ ಕೂಡ ಬರಲಿಲ್ಲ, ಆರ್ಡರ್ ಕಳಿಸಿದ್ದವರು ಫೋನ್ ಮಾಡಿದಾಗಲೇ ತಿಳಿದದ್ದು. ಅಂದಿನಿಂದ ಡಿಎನ್‌ಎಸ್ ಖಾತೆಯನ್ನು ಒಳಗೆ ಹೋಗಿ ನೋಡಿ, ಎಲ್ಲ ಸಾಲುಗಳನ್ನೂ ಬರೆದಿಟ್ಟುಕೊಳ್ಳದೆ ನಾನು ಯಾವ ಬದಲಾವಣೆಯನ್ನೂ ಮಾಡುವುದಿಲ್ಲ.

ಮೇಲೆ ಹೇಳಿದ `nslookup` ಒಂದರಿಂದಲೇ ಈ ನಕಲು ಆಗುವುದಿಲ್ಲವೇ ಎಂದು ಕೇಳಬಹುದು. ಆಗುವುದಿಲ್ಲ. ಹೊರಗಿನಿಂದ ಕೇಳುವಾಗ ಯಾವ ಹೆಸರಿನ ಸಾಲು ಬೇಕು ಎಂದು ಹೆಸರಿಟ್ಟೇ ಕೇಳಬೇಕು. ಕಳಿಸಿದ ಇಮೇಲ್ ಅಸಲಿ ಎಂದು ಸಾಬೀತು ಮಾಡುವ ಡಿಕಿಮ್ ಎಂಬ ಸಾಲು `google._domainkey` ಎಂಬಂಥ ಹೆಸರಿನ ಅಡಿಯಲ್ಲಿರುತ್ತದೆ. ಆ ಹೆಸರು ಊಹಿಸಲಾಗದಿದ್ದರೆ ಸಾಲು ಸಿಗದು. ಅದು ತಪ್ಪಿಹೋದರೆ ಇಮೇಲ್ ನಿಲ್ಲುವುದಿಲ್ಲ, ಆದರೆ ಅಂಗಡಿಯಿಂದ ಹೋದ ದರಪಟ್ಟಿಗಳು ಎದುರಿನವರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳತೊಡಗುತ್ತವೆ, ಅದು ಗೊತ್ತಾಗಲು ವಾರಗಳೇ ಬೇಕು.

ಡೊಮೇನ್ ಹಳೆಯ ಡೆವಲಪರ್ ಖಾತೆಯಲ್ಲಿದ್ದರೆ, ಅದನ್ನು ಕೂಡಲೇ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಿ ಎಂದು ಮೊದಲ ಪತ್ರದಲ್ಲಿ ಕೇಳಬೇಡಿ. `.com` ಹೆಸರುಗಳಲ್ಲಿ ನೋಂದಣಿದಾರರ ಹೆಸರು ಅಥವಾ ಇಮೇಲ್ ಬದಲಾದರೆ ಸಾಮಾನ್ಯವಾಗಿ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲು ಬಿಡುವುದಿಲ್ಲ. ಅಂಥ ತಡೆ ಇದ್ದರೂ ಡಿಎನ್‌ಎಸ್ ಸಾಲುಗಳನ್ನು ಬದಲಿಸಬಹುದು, ನಮ್ಮ ಕೆಲಸಕ್ಕೆ ಬೇಕಾದದ್ದು ಅಷ್ಟೇ. ಆದ್ದರಿಂದ ಅದೇ ರಿಜಿಸ್ಟ್ರಾರ್‌ನಲ್ಲಿ ಗ್ರಾಹಕರ ಹೆಸರಿನಲ್ಲಿ ಹೊಸ ಖಾತೆ ತೆರೆಸಿ, ಹಳೆಯ ಖಾತೆಯಿಂದ ಅದಕ್ಕೆ ಡೊಮೇನನ್ನು ವರ್ಗಾಯಿಸಿಕೊಡುವಂತೆ ಗ್ರಾಹಕರೇ ಹಳೆಯವರಿಗೆ ಸೌಜನ್ಯದ ಪತ್ರ ಬರೆಯಲಿ. ಹಳೆಯ ಬಾಕಿ ಏನಾದರೂ ಇದ್ದರೆ ಅದನ್ನು ತೀರಿಸಿದ ಮೇಲೆ ಬರೆಯುವುದು ನ್ಯಾಯ, ಉತ್ತರವೂ ಬೇಗ ಬರುತ್ತದೆ. ಆ ಖಾತೆ ನಿಮ್ಮ ಹೆಸರಿನಲ್ಲಿ ಆಗಬಾರದು ಎಂಬುದನ್ನೂ ನೆನಪಿಡಿ. ಹಾಗೆ ಮಾಡಿದರೆ ಮುಂದೆ ಇನ್ನೊಬ್ಬರು ಇದೇ ಪತ್ರವನ್ನು ನಿಮಗೆ ಬರೆಸಬೇಕಾಗುತ್ತದೆ.

ಎರಡನೆಯದು ಹಳೆಯ ಹೋಸ್ಟಿಂಗ್. ಹೊಸ ಸೈಟ್ ಮಾಡುವಾಗ ಹಳೆಯದು ಏಕೆ ಎಂದು ಗ್ರಾಹಕರು ಕೇಳುತ್ತಾರೆ. ಕಾರಣಗಳು ಎರಡು: ಪೂರ್ತಿ ಪ್ರತಿ, ಅಂದರೆ ಬ್ಯಾಕಪ್ ತೆಗೆದಿಟ್ಟುಕೊಳ್ಳಬೇಕು, ಮತ್ತು ಮುಂದೆ ಹೇಳುವ ಹಾಗೆ ಹಳೆಯ ಸೈಟಿಗೆ ಕೆಲವು ಪುಟಗಳನ್ನು ಈಗಲೇ ಸೇರಿಸಬೇಕು. ಕೆಲವು ಕಡೆ ಇಮೇಲ್ ಪೆಟ್ಟಿಗೆಗಳೂ ಇದೇ ಹೋಸ್ಟಿಂಗ್‌ನಲ್ಲಿರುತ್ತವೆ. ಎಂಎಕ್ಸ್ ಸಾಲು ಅಲ್ಲಿಗೇ ತೋರಿಸುತ್ತಿದ್ದರೆ, ಹೊಸ ಸೈಟ್ ಬಂದಿತೆಂದು ಹಳೆಯ ಹೋಸ್ಟಿಂಗ್ ನವೀಕರಣವನ್ನು ನಿಲ್ಲಿಸಬಾರದು ಎಂದು ಬಿಲ್ ನೋಡುವವರಿಗೆ ಈಗಲೇ ತಿಳಿಸಿ.

ಮೂರನೆಯದು ಗೂಗಲ್‌ನ ಎರಡು ಖಾತೆಗಳು. ಸರ್ಚ್ ಕನ್ಸೋಲ್‌ನಿಂದ ಜನ ಯಾವ ಪದ ಹುಡುಕಿ ಯಾವ ಪುಟಕ್ಕೆ ಬರುತ್ತಿದ್ದಾರೆ ಎಂದು ತಿಳಿಯುತ್ತದೆ; ಅದರಲ್ಲಿ `Settings` ಒಳಗಿನ `Users and permissions`ನಲ್ಲಿ ನಮ್ಮ ವಿಳಾಸವನ್ನು `Full` ಎಂದು ಸೇರಿಸಿದರೆ ಸಾಕು. ಗೂಗಲ್ ನಕ್ಷೆಯಲ್ಲಿ ಅಂಗಡಿ ಕಾಣುವ ಬಿಸಿನೆಸ್ ಪ್ರೊಫೈಲ್‌ನಲ್ಲಿ `Manager` ಸಾಕು, `Owner` ಬೇಡ. ಹೊಸದಾಗಿ ಸೇರಿದವರಿಗೆ ಅಲ್ಲಿ ಮೊದಲ 7 ದಿನ ಕೆಲವು ಅಧಿಕಾರಗಳು ಸಿಗುವುದಿಲ್ಲವಾದ್ದರಿಂದ ಇದನ್ನು ಕೊನೆಯ ವಾರಕ್ಕೆ ಬಿಡಬಾರದು.

ನಾಲ್ಕನೆಯದು ಆನ್‌ಲೈನ್ ಹಣ ಪಾವತಿಯ ಖಾತೆ, ಅಂದರೆ ಪೇಮೆಂಟ್ ಗೇಟ್‌ವೇ. ಇದನ್ನು ಗ್ರಾಹಕರೇ ತೆರೆಯಬೇಕು, ಪ್ಯಾನ್, ಬ್ಯಾಂಕ್ ವಿವರಗಳನ್ನು ಅವರೇ ತುಂಬಬೇಕು. ಅವು ನಿಮ್ಮ ಕೈಗೆ ಬರಲೇಬಾರದು. ನಿಮಗೆ ಈಗ ಬೇಕಾದದ್ದು ಪರೀಕ್ಷೆಯ ಕೀ ಮಾತ್ರ. ರೇಜರ್‌ಪೇ ಬಳಸುವವರಾದರೆ ಅದು `rzp_test_` ಎಂದು ಶುರುವಾಗುತ್ತದೆ, ನಿಜವಾದ ಹಣದ್ದು `rzp_live_` ಎಂದು. ಜೊತೆಗೆ ಬರುವ ರಹಸ್ಯ ಕೀ ಒಂದೇ ಸಲ ಪರದೆಯ ಮೇಲೆ ಕಾಣುತ್ತದೆ, ಆಗ ಇಳಿಸಿಕೊಳ್ಳದಿದ್ದರೆ ಹೊಸದನ್ನೇ ಮಾಡಬೇಕು. ಆದ್ದರಿಂದ ಆ ಹೊತ್ತಿನಲ್ಲಿ ಇಬ್ಬರೂ ಕರೆಯಲ್ಲಿರುವುದು ಲೇಸು.

ಇಲ್ಲಿ ಒಂದು ಸುತ್ತು ಗಂಟು ಇದೆ. ಖಾತೆಗೆ ಒಪ್ಪಿಗೆ ಕೊಡುವ ಮೊದಲು ಗೇಟ್‌ವೇಯವರು ಸೈಟ್ ನೋಡುತ್ತಾರೆ. ಅದರಲ್ಲಿ ಸಂಪರ್ಕ ವಿಳಾಸ, ಹಣ ವಾಪಸಾತಿಯ ನಿಯಮ, ಸಾಗಣೆಯ ನಿಯಮ, ಗೋಪ್ಯತಾ ನೀತಿ, ಷರತ್ತುಗಳು ಇರಬೇಕು. ನಮ್ಮ ಹೊಸ ಸೈಟ್ ಇನ್ನೂ ಬೀಗ ಹಾಕಿದ ಪರೀಕ್ಷಾ ವಿಳಾಸದಲ್ಲಿರುತ್ತದೆ, ಅವರಿಗೆ ಕಾಣುವುದು ಹಳೆಯದು. ಹೊಸದು ಮುಗಿಯಲಿ ಎಂದು ಕಾದರೆ ಒಪ್ಪಿಗೆ ಕೊನೆಗೆ ಬಂದು, ಸಂಕ್ರಾಂತಿ ಕೈತಪ್ಪಬಹುದು. ಅದಕ್ಕೇ ಈ ಪುಟಗಳನ್ನು ಹಳೆಯ ಸೈಟಿಗೇ ಮೊದಲು ಸೇರಿಸಬೇಕು.

4. ಗಡುವು: ಪತ್ರದ ದಿನದಿಂದಲ್ಲ, ಪ್ರವೇಶ ಸಿಕ್ಕ ದಿನದಿಂದ

ಮೊದಲ ಇಮೇಲ್‌ನಲ್ಲಿ ಇಡೀ ಯೋಜನೆಯ ವೇಳಾಪಟ್ಟಿ ಬೇಡ. ಮೂರು ಮೈಲಿಗಲ್ಲುಗಳನ್ನು ಮಾತ್ರ ಬರೆಯಿರಿ, ಪ್ರತಿಯೊಂದೂ ಗ್ರಾಹಕರು ಕಣ್ಣಿನಿಂದ ನೋಡಬಹುದಾದ ವಸ್ತುವಾಗಿರಲಿ. "ವಿನ್ಯಾಸದ ಕೆಲಸ 40 ಭಾಗ ಪೂರ್ಣ" ಎಂದು ಬರೆದರೆ ಅದನ್ನು ಯಾರೂ ತೆರೆದು ನೋಡಲಾರರು. "ಐದು ಸಾಮಾನಿನ ಪರೀಕ್ಷಾ ಅಂಗಡಿ, ನಿಮ್ಮ ಫೋನಿನಲ್ಲಿ ತೆರೆಯುತ್ತದೆ" ಎಂದು ಬರೆದರೆ ನೋಡಬಹುದು.

ದಿನಾಂಕಗಳನ್ನು ಎಣಿಸುವ ರೀತಿಯೇ ಇಲ್ಲಿನ ಮುಖ್ಯ ಸಂಗತಿ. ಡೊಮೇನ್ ಮತ್ತು ಹೋಸ್ಟಿಂಗ್ ಎರಡೂ ಪ್ರವೇಶ ಸಿಕ್ಕಿ, ನಾವು ಒಳಗೆ ಹೋಗಿ ನೋಡಿದ ದಿನವನ್ನು ಆರಂಭದ ದಿನ ಎಂದು ಕರೆಯಿರಿ. ಮುಂದಿನದೆಲ್ಲ ಅಲ್ಲಿಂದ ಇಷ್ಟು ಕೆಲಸದ ದಿನ ಎಂದು ಲೆಕ್ಕ. ಕೆಲಸದ ದಿನ ಎಂದರೆ ಸೋಮವಾರದಿಂದ ಶುಕ್ರವಾರ ಎಂದು ಬರೆಯಲೇಬೇಕು, ಏಕೆಂದರೆ ಅಂಗಡಿಯವರಿಗೆ ಶನಿವಾರವೂ ಕೆಲಸದ ದಿನವೇ. ಬರೀ ಲೆಕ್ಕ ಕೊಟ್ಟರೆ ಓದುವವರಿಗೆ ಹಿಡಿಸುವುದಿಲ್ಲ, ಆದ್ದರಿಂದ ಪ್ರವೇಶ ನವೆಂಬರ್ 10ಕ್ಕೆ ಸಿಕ್ಕರೆ ಇಂಥ ದಿನಾಂಕ ಎಂದೂ ಪಕ್ಕದಲ್ಲಿ ಬರೆಯಿರಿ. ಪ್ರವೇಶ ಎಷ್ಟು ತಡವಾದರೆ ದಿನಾಂಕಗಳೂ ಅಷ್ಟೇ ಮುಂದೆ ಹೋಗುತ್ತವೆ ಎಂಬ ಒಂದು ವಾಕ್ಯವನ್ನು ಸೇರಿಸಿದರೆ, ಡಿಸೆಂಬರ್‌ನಲ್ಲಿ ತಪ್ಪು ಯಾರದ್ದು ಎಂಬ ಮಾತೇ ಹುಟ್ಟುವುದಿಲ್ಲ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಬರೆಯುವವರು ಆಯುಧಪೂಜೆ, ವಿಜಯದಶಮಿಯ ವಾರವನ್ನು ಲೆಕ್ಕದಿಂದ ಹೊರಗಿಡಿ. ಆ ವಾರ ಮೈಸೂರಿನಲ್ಲಿ ಯಾರಿಂದಲೂ ಒಪ್ಪಿಗೆ ಬರುವುದಿಲ್ಲ.

5. ಈಗ ಪತ್ರ

ಆವರಣದಲ್ಲಿರುವ ಕಡೆ ನಿಮ್ಮ ವಿವರ ತುಂಬಿಕೊಳ್ಳಿ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕಾಣುವ ಪದಗಳನ್ನು ಹಾಗೆಯೇ ಬಿಡಿ, ಅನುವಾದಿಸಿದರೆ ಹುಡುಕುವವರಿಗೆ ಸಿಗುವುದಿಲ್ಲ.

> ವಿಷಯ: ವೆಬ್‌ಸೈಟ್ ಕೆಲಸದ ಆರಂಭ – ನವೆಂಬರ್ 10ರೊಳಗೆ ತಮ್ಮಿಂದ ಬೇಕಾದ 4 ಅನುಮತಿಗಳು
>
> ಮಾನ್ಯರೇ, ನಮಸ್ಕಾರ.
>
> ತಮ್ಮ ಬೆಲ್ಲದ ಅಂಗಡಿಯ ಹೊಸ ವೆಬ್‌ಸೈಟ್ ಕೆಲಸವನ್ನು ಇಂದು ಆರಂಭಿಸಿದ್ದೇವೆ. ಡಿಸೆಂಬರ್ 15ರೊಳಗೆ ಸೈಟ್ ಓಡುವಂತೆ ಮಾಡುವುದು ನಮ್ಮಿಬ್ಬರ ಗುರಿ. ಅದಕ್ಕಾಗಿ ಈ ವಾರ ತಮ್ಮಿಂದ ಬೇಕಾದದ್ದನ್ನು ಕೆಳಗೆ ಬರೆದಿದ್ದೇವೆ.
>
> ಯಾರು ಯಾವುದಕ್ಕೆ. ತಮ್ಮ ಕಡೆ: ಅಂತಿಮ ಒಪ್ಪಿಗೆ ಯಜಮಾನರು (ಮೊಬೈಲ್), ಫೋಟೊ, ದರ, ವಿವರ ಮತ್ತು ದಿನದ ಮಾತುಕತೆ ಅವರ ಮಗ (ಮೊಬೈಲ್), ಬಿಲ್, ಜಿಎಸ್‌ಟಿ ಲೆಕ್ಕ ಬರೆಯುವವರು (ಮೊಬೈಲ್). ಡೊಮೇನ್ ಮತ್ತು ಹೋಸ್ಟಿಂಗ್ ಒಟಿಪಿ ಯಾವ ನಂಬರಿಗೆ ಬರುತ್ತದೆ ಎಂದು ದಯವಿಟ್ಟು ನೋಡಿ ತಿಳಿಸಿ. ನಮ್ಮ ಕಡೆ: ಎಲ್ಲಕ್ಕೂ (ಹೆಸರು, ಮೊಬೈಲ್), ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ, ಅವರು ಸಿಗದಿದ್ದರೆ (ಹೆಸರು, ಮೊಬೈಲ್). ಇದರಲ್ಲಿ ತಪ್ಪಿದ್ದರೆ ತಿದ್ದಿ ಉತ್ತರಿಸಿ.
>
> ಬೇಕಾದ ಅನುಮತಿಗಳು. ಪಾಸ್‌ವರ್ಡ್ ಕಳಿಸಬೇಡಿ. (ನಿಮ್ಮ ಇಮೇಲ್) ವಿಳಾಸವನ್ನು ಖಾತೆಯಲ್ಲಿ ಸೇರಿಸಿದರೆ ಸಾಕು. ಹೇಗೆಂದು ಫೋನಿನಲ್ಲಿ ಜೊತೆಗಿದ್ದು ಹೇಳುತ್ತೇವೆ.
>
> 1. ಡೊಮೇನ್ ಮತ್ತು ಡಿಎನ್‌ಎಸ್: ತಮ್ಮ ಇಮೇಲ್ ನಿಲ್ಲದಂತೆ ಸೈಟ್ ಬದಲಿಸಲು. ಇದು ಈಗ ಹಿಂದೆ ಸೈಟ್ ಮಾಡಿದವರ ಖಾತೆಯಲ್ಲಿದೆ. ಅವರಿಗೆ ತಾವು ಕಳಿಸಬೇಕಾದ ಪತ್ರದ ಕರಡನ್ನು ಲಗತ್ತಿಸಿದ್ದೇವೆ, ನವೆಂಬರ್ 5ರೊಳಗೆ ಕಳಿಸಿ.
> 2. ಹಳೆಯ ಹೋಸ್ಟಿಂಗ್: ಪೂರ್ತಿ ಪ್ರತಿ ತೆಗೆದಿಡಲು, ನಿಯಮದ ಪುಟ ಸೇರಿಸಲು. ನವೆಂಬರ್ 10.
> 3. ಗೂಗಲ್: ಸರ್ಚ್ ಕನ್ಸೋಲ್‌ನಲ್ಲಿ `Full`, ಬಿಸಿನೆಸ್ ಪ್ರೊಫೈಲ್‌ನಲ್ಲಿ `Manager`. ನವೆಂಬರ್ 10.
> 4. ಪೇಮೆಂಟ್ ಗೇಟ್‌ವೇ: ಖಾತೆಯನ್ನು ತಾವೇ ತೆರೆಯಬೇಕು, ಬ್ಯಾಂಕ್ ವಿವರ ನಮಗೆ ಬೇಡ. ನವೆಂಬರ್ 7ರಂದು ಬೆಳಿಗ್ಗೆ 11ಕ್ಕೆ ಕರೆಯಲ್ಲಿ ಒಟ್ಟಿಗೆ ಕೂರೋಣವೇ?
>
> ಇವುಗಳ ಜೊತೆ ಸೈಟಿನಲ್ಲಿ ತೋರಿಸಲು ಜಿಎಸ್‌ಟಿ ಸಂಖ್ಯೆ ಮತ್ತು 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯನ್ನು ತಿಳಿಸಿ.
>
> ಮೊದಲ ಮೂರು ಹಂತ. 1 ಮತ್ತು 2ನೇ ಅನುಮತಿ ಎರಡೂ ಸಿಕ್ಕ ದಿನವೇ ಆರಂಭದ ದಿನ. ಸೋಮವಾರದಿಂದ ಶುಕ್ರವಾರ ಕೆಲಸದ ದಿನ.
>
> – 3 ದಿನದಲ್ಲಿ: ಹಳೆಯ ಸೈಟಿನ ಪ್ರತಿ, ಡಿಎನ್‌ಎಸ್ ಸಾಲುಗಳ ಪಟ್ಟಿ ತಮ್ಮ ಡ್ರೈವ್ ಫೋಲ್ಡರಿಗೆ.
> – 7 ದಿನದಲ್ಲಿ: ನಿಯಮದ ಪುಟಗಳು ಹಳೆಯ ಸೈಟಿನಲ್ಲಿ, ಹೊಸ ಮುಖಪುಟದ ವಿನ್ಯಾಸ ತಮ್ಮ ಮುಂದೆ. ಯಜಮಾನರ ಒಪ್ಪಿಗೆ ಅಥವಾ ತಿದ್ದುಪಡಿ 3 ದಿನದೊಳಗೆ ಬೇಕು.
> – 15 ದಿನದಲ್ಲಿ: ಐದು ಸಾಮಾನಿನ ಪರೀಕ್ಷಾ ಅಂಗಡಿ, ಪರೀಕ್ಷಾ ಹಣದಲ್ಲಿ ಆರ್ಡರ್ ಮಾಡಿ ನೋಡಬಹುದು.
>
> ನವೆಂಬರ್ 10ಕ್ಕೆ ಅನುಮತಿ ಸಿಕ್ಕರೆ ಈ ದಿನಾಂಕಗಳು ನವೆಂಬರ್ 13, ನವೆಂಬರ್ 19, ಡಿಸೆಂಬರ್ 1. ಅನುಮತಿ ಎಷ್ಟು ದಿನ ತಡವಾಗುತ್ತದೆಯೋ ಅಷ್ಟು ದಿನ ಇವೂ ಮುಂದೆ ಹೋಗುತ್ತವೆ.
>
> ಈ ಪತ್ರ ತಲುಪಿದ್ದಕ್ಕೆ ಮತ್ತು 7ನೇ ತಾರೀಖಿನ ಕರೆಗೆ ಒಂದು ಸಾಲಿನ ಉತ್ತರ ಕೊಡಬೇಕಾಗಿ ವಿನಂತಿ.
>
> ವಂದನೆಗಳೊಂದಿಗೆ, (ಹೆಸರು)

ಕರಾರಿನಲ್ಲಿ ಇಲ್ಲದ ಕೆಲಸವನ್ನು ಈ ಪತ್ರದಲ್ಲಿ ಸೇರಿಸಬೇಡಿ, ದರದ ಮಾತನ್ನೂ ಎತ್ತಬೇಡಿ. "ಎಸ್ಇಒ ಕೂಡ ನೋಡಿಕೊಳ್ಳುತ್ತೇವೆ" ಎಂದು ಉತ್ಸಾಹದಲ್ಲಿ ಬರೆದ ಅರ್ಧ ಸಾಲು ಮುಂದೆ ಕರಾರಿನಷ್ಟೇ ಗಟ್ಟಿಯಾಗಿ ನಿಲ್ಲುತ್ತದೆ.

6. ಕಳಿಸಿದ ಮೇಲೆ

ಕಳಿಸಿದ ಅರ್ಧ ಗಂಟೆಯಲ್ಲಿ ಮಗನಿಗೆ ಫೋನ್ ಮಾಡಿ, ಪತ್ರ ಬಂದಿದೆಯೇ, ಸ್ಪ್ಯಾಮ್‌ಗೆ ಬಿದ್ದಿದೆಯೇ ಎಂದು ಕೇಳಿ. ಹೊಸ ವಿಳಾಸದಿಂದ ಬಂದ, "ಅನುಮತಿ ಕೊಡಿ" ಎಂದಿರುವ ಪತ್ರವನ್ನು ಅನುಮಾನದಿಂದ ನೋಡುವುದು ಅವರ ಕಡೆಯಿಂದ ಸರಿಯಾದದ್ದೇ, ಹಾಗಾಗಿ ನಿಮ್ಮ ದನಿ ಕೇಳಿಸಬೇಕು.

"ಕೊಟ್ಟಿದ್ದೇವೆ" ಎಂಬ ಉತ್ತರ ಬಂದ ಕೂಡಲೇ ಪಟ್ಟಿಯಲ್ಲಿ ಗುರುತು ಹಾಕಬೇಡಿ. ಒಳಗೆ ಹೋಗಿ, ಬೇಕಾದ ಕೆಲಸ ಮಾಡಲು ಆಗುತ್ತದೆಯೇ ಎಂದು ನೋಡಿ. ಹೋಸ್ಟಿಂಗ್‌ನಲ್ಲಿ ಪ್ರತಿ ಇಳಿಸಿಕೊಳ್ಳಲು ಆಗಬೇಕು, ಡಿಎನ್‌ಎಸ್‌ನಲ್ಲಿ ಸಾಲು ತಿದ್ದುವ ಗುಂಡಿ ಕಾಣಬೇಕು. ನೋಡುವ ಅಧಿಕಾರ ಮಾತ್ರ ಸಿಕ್ಕಿರುವುದು ಬಹಳ ಸಾಮಾನ್ಯ. ಬಿಸಿನೆಸ್ ಪ್ರೊಫೈಲ್‌ನ ಆಹ್ವಾನವನ್ನು ನಿಮ್ಮ ಇಮೇಲ್‌ನಲ್ಲಿ ನೀವು ಒಪ್ಪಿಕೊಂಡರೆ ಮಾತ್ರ ಅದು ಪೂರ್ಣವಾಗುತ್ತದೆ, ಆ ಪತ್ರ ಪ್ರಚಾರದ ಪತ್ರಗಳ ನಡುವೆ ಕಳೆದುಹೋಗದಂತೆ ನೋಡಿಕೊಳ್ಳಿ.

ನವೆಂಬರ್ 10ಕ್ಕೆ ಡೊಮೇನ್ ಸಿಗದಿದ್ದರೆ ಸುಮ್ಮನೆ ಕಾಯಬೇಡಿ, ಗದರಿಸುವ ಪತ್ರವೂ ಬೇಡ. ಅದೇ ಇಮೇಲ್‌ಗೆ ಉತ್ತರವಾಗಿ ಮೂರೇ ಸಾಲು ಬರೆಯಿರಿ: ಹೋಸ್ಟಿಂಗ್ ಮತ್ತು ಗೂಗಲ್ ಬಂದಿವೆ, ಪರೀಕ್ಷಿಸಿದ್ದೇವೆ, ಡೊಮೇನ್ ಒಂದು ಬಾಕಿ, ಅದು 17ಕ್ಕೆ ಸಿಕ್ಕರೆ ಮೂರನೆಯ ಹಂತ ಡಿಸೆಂಬರ್ 8ಕ್ಕೆ ಬರುತ್ತದೆ. ಡೊಮೇನ್ ಇಲ್ಲದೆಯೂ ನಿಯಮದ ಪುಟಗಳನ್ನು ಹಳೆಯ ಸೈಟಿಗೆ ಸೇರಿಸಬಹುದು, ಗೇಟ್‌ವೇ ಅರ್ಜಿ ಮುಂದುವರಿಯಬಹುದು, ವಿನ್ಯಾಸವನ್ನೂ ತೋರಿಸಬಹುದು. ಅವುಗಳನ್ನು ನಡೆಸುತ್ತಿದ್ದೇವೆ ಎಂದೂ ತಿಳಿಸಿ. ಹಳೆಯವರು ಡಿಸೆಂಬರ್ ಮೊದಲ ವಾರದವರೆಗೂ ಉತ್ತರಿಸದಿದ್ದರೆ, ಹೊಸ ಅಂಗಡಿಯನ್ನು ಗ್ರಾಹಕರ ಹೆಸರಿನಲ್ಲಿ ಕೊಂಡ ಬೇರೊಂದು ಡೊಮೇನ್‌ನಲ್ಲಿ ತೆರೆದು, ಇಮೇಲ್ ಹಳೆಯ ಹೆಸರಿನಲ್ಲಿಯೇ ಮುಂದುವರಿಯುವಂತೆ ಬಿಡುವುದು ಒಂದು ದಾರಿ. ಆ ತೀರ್ಮಾನ ಯಜಮಾನರದ್ದು. ಅದನ್ನು ಎಂದು ತೆಗೆದುಕೊಳ್ಳಬೇಕು ಎಂಬ ದಿನಾಂಕವನ್ನು ಮಾತ್ರ ನೀವು ಈ ಮೂರು ಸಾಲಿನ ಪತ್ರದ ಕೆಳಗೆ ಬರೆದು ಕಳಿಸಿ.